ಕಪ್ಪು ಫಲಕದ ಗಾಡಿ

ಮೊನ್ನೆ ಅಂಕೋಲೆಯ ಹೊರಗೆ ಪೊಲೀಸರು ಕೈ ಅಡ್ಡ ಮಾಡಿದಾಗ ನನಗೆ ಒಳಗೊಳಗೇ ಖುಷಿಯಾಯಿತು. ಕಾಗದಪತ್ರ ಸರಿಯಿದ್ದವನನ್ನು ತಪಾಸಣೆ ಮಾಡುವವರೇ ಇಲ್ಲದಿದ್ದರೆ ಸರಿಯಿಟ್ಟುಕೊಂಡಿದ್ದಕ್ಕೆ ಬೆಲೆಯೇನು? ಗೋಕರ್ಣದಲ್ಲಿ ಬಾಡಿಗೆಗೆ ಹಿಡಿದ ಸ್ಕೂಟರನ್ನು ಬದಿಗೆ ನಿಲ್ಲಿಸಿ, ನನ್ನ ಸರದಿ ಬರಲಿ ಎಂದು ಕಾದೆ. ನನ್ನ ಮುಂದೆ ಇಬ್ಬರು ಹುಡುಗರು. ಹೆಲ್ಮೆಟ್ ಒಬ್ಬನ ಮೊಣಕೈಯಲ್ಲಿ, ಇನ್ನೊಬ್ಬನದು ಎಲ್ಲೂ ಇಲ್ಲ.

‘ಯಾರ ಗಾಡಿ?’

‘ಫ್ರೆಂಡ್‌ದು ಸಾರ್.’

‘ಫ್ರೆಂಡಿನ ಹೆಸರೇನು?’

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಡಿಗೆಗೆ ಕೊಟ್ಟವನು ‘ಫ್ರೆಂಡ್‌ದು ಅಂತ ಹೇಳಿ, ಬಿಡ್ತಾರೆ’ ಎಂದು ಪಾಠ ಮಾಡಿದ್ದನೇ ಹೊರತು ತನ್ನ ಹೆಸರು ಹೇಳಿಕೊಟ್ಟಿರಲಿಲ್ಲ. ಲೈಸೆನ್ಸ್ ಕೇಳಿದರೆ ಅದೂ ಕಾರಿನದು. ಎಲ್‌ಎಂವಿ ಎಂದಷ್ಟೇ ಇರುವ ಲೈಸೆನ್ಸಿನಲ್ಲಿ ಸ್ಕೂಟರ್ ಓಡಿಸುವಂತಿಲ್ಲ ಎಂಬುದು ಕಾರು ಓಡಿಸುವ ಬಹಳಷ್ಟು ಜನಕ್ಕೆ ಗೊತ್ತೇ ಇಲ್ಲ. ನಾಲ್ಕು ಚಕ್ರ ಬಂದವನಿಗೆ ಎರಡು ಚಕ್ರ ತಾನಾಗಿ ಬರುತ್ತದೆ ಎಂಬ ಲೆಕ್ಕ ಅವರದು. ಗೇರಿನ ಬೈಕಿಗೆ ಲೈಸೆನ್ಸ್ ಇದ್ದವನು ಗೇರಿಲ್ಲದ್ದನ್ನು ಓಡಿಸಬಹುದು. ಕಾರಿನವನು ಎರಡನ್ನೂ ಓಡಿಸುವಂತಿಲ್ಲ.

ನನ್ನ ಜಗಳ ಈ ಹುಡುಗರೊಂದಿಗಲ್ಲ, ನನ್ನ ವಯಸ್ಸಿನ ಗೆಳೆಯರೊಂದಿಗೆ. ಬಾಡಿಗೆ ದ್ವಿಚಕ್ರಕ್ಕೆ 1997ರಿಂದ ಕೇಂದ್ರದ ಒಂದು ಯೋಜನೆಯೇ ಇದೆ, ಪರವಾನಗಿ ಪಡೆದ ಬಾಡಿಗೆ ಗಾಡಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ. ಅಂಗಡಿಯ ಮುಂದೆ ನಿಂತವನು ಬ್ರೇಕು, ಟೈರು ನೋಡುವುದಕ್ಕಿಂತ ಮೊದಲು ನೋಡಬೇಕಾದ್ದು ಆ ಫಲಕವನ್ನು. ಗೆಳೆಯರು ಬಿಳಿ ಫಲಕದ್ದನ್ನೇ ಹಿಡಿಯುತ್ತಾರೆ, ದಿನಕ್ಕೆ ನೂರಿನ್ನೂರು ಕಡಿಮೆಯಂತೆ. ಆ ಸ್ಕೂಟರಿನ ವಿಮೆ ಮಾಲೀಕನ ಸ್ವಂತ ಬಳಕೆಗೆ ಮಾಡಿಸಿದ್ದು. ಬಾಡಿಗೆಗೆ ಓಡಿಸಿದರೆ ಪಾಲಿಸಿಯ ಷರತ್ತು ಮುರಿದ ಹಾಗೆ. ತಿರುವಿನಲ್ಲಿ ಯಾರಿಗಾದರೂ ಗುದ್ದಿದ ದಿನ ಆ ನೂರಿನ್ನೂರರ ಉಳಿತಾಯ ಯಾವ ಮೂಲೆಗೆ? ಹೀಗೆ ಕೇಳಿದರೆ ‘ನೀನೊಬ್ಬ ಅಪಶಕುನದವ’ ಎಂದು ನಗುತ್ತಾರೆ.

ಇನ್ನೊಂದು ತಕರಾರಿದೆ. ಕೆಲವು ಅಂಗಡಿಯವರು ಅಸಲಿ ಲೈಸೆನ್ಸನ್ನೇ ಒತ್ತೆಯಾಗಿ ಇಟ್ಟುಕೊಳ್ಳುತ್ತಾರೆ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 130ನೇ ಕಲಂ. ಲೈಸೆನ್ಸ್ ಗೋಕರ್ಣದ ಯಾವುದೋ ಮೇಜಿನ ಖಾನೆಯಲ್ಲಿ, ಗಾಡಿ ಅಂಕೋಲೆಯಲ್ಲಿ. ನಾನು ಠೇವಣಿಗೆ ಹಣ ಕೊಡುತ್ತೇನೆ, ಕಾಗದದ ನಕಲು ಕೊಡುತ್ತೇನೆ, ಅಸಲಿ ಕೊಡುವುದಿಲ್ಲ. ಅಷ್ಟಕ್ಕೂ ಡಿಜಿಲಾಕರ್‌ನಲ್ಲಿ ತೆರೆದ ಲೈಸೆನ್ಸ್ ಅಸಲಿಗೆ ಸಮ. ಆದರೆ ಲೈಸೆನ್ಸಿನ ಫೋಟೊ ತೆಗೆದು ಗ್ಯಾಲರಿಯಲ್ಲಿ ಇಟ್ಟುಕೊಂಡದ್ದು ಸಮವಲ್ಲ, ಅದು ಬರೀ ಫೋಟೊ. ಕರಾವಳಿಯ ಕೆಲವು ತಿರುವಿನಲ್ಲಿ ನೆಟ್‌ವರ್ಕ್ ಸತ್ತಿರುತ್ತದೆ. ಹಾಗಾಗಿ ಹೊರಡುವ ಮೊದಲೇ ಡಿಜಿಲಾಕರನ್ನು ತೆರೆದಿಟ್ಟುಕೊಳ್ಳಬೇಕು.

ಇಷ್ಟು ಹೇಳುವಷ್ಟರಲ್ಲಿ ಪೊಲೀಸರು ನನ್ನ ಫಲಕ ನೋಡಿದರು, ಫೋನ್ ನೋಡಿದರು, ‘ಹೋಗಿ’ ಎಂದರು. ಸ್ವಲ್ಪ ನಿರಾಸೆಯೇ ಆಯಿತು.

ಹಟ್ಟಿಕೇರಿಯ ಟೋಲ್‌ನಲ್ಲಿ ದ್ವಿಚಕ್ರಕ್ಕೆ ಸುಂಕವಿಲ್ಲ, ಅದೊಂದು ಸಣ್ಣ ರಾಜಮರ್ಯಾದೆ. ಆದರೆ ಹೆದ್ದಾರಿ ನನಗೆ ಬೇಡ. ಭಾವಿಕೇರಿ, ಬೇಲೇಕೇರಿಯ ಕಡೆಯ ಸಣ್ಣ ರಸ್ತೆಗಳಿಗೆ ಇಳಿದರೆ ಎರಡು ಬದಿಗೆ ಕಲ್ಲಿನ ಪಾಗಾರ, ಎದುರಿಗೆ ಬಸ್ಸು ಬಂದರೆ ಯಾರದೋ ಅಂಗಳದ ಬಾಯಿಯಲ್ಲಿ ನಿಂತು ದಾರಿ ಬಿಡಬೇಕು. ಅಂಗಳದ ಅಮ್ಮ ‘ಯಾವೂರು?’ ಎಂದು ಕೇಳುತ್ತಾರೆ. ಗಾಳಿ ಹೊತ್ತು ತಂದ ಮರಳು ತಿರುವಿನಲ್ಲೇ ಕೂತಿರುತ್ತದೆ. ಅದರ ಮೇಲೆ ಬಲಗೈ ಬ್ರೇಕನ್ನು ಒಮ್ಮೆಲೇ ಒತ್ತಿದರೆ ಮುಂದಿನ ಚಕ್ರ ಜಾರುತ್ತದೆ. ಮರಳು ಕಣ್ಣಿಗೆ ಬಿದ್ದ ಕೂಡಲೇ, ಅದು ಬರುವ ಮೊದಲೇ ವೇಗ ಇಳಿಸಿಕೊಂಡು, ಅದರ ಮೇಲೆ ಬ್ರೇಕ್ ಮುಟ್ಟದೆ, ಗಾಡಿಯನ್ನು ನೆಟ್ಟಗೆ ಇಟ್ಟು ದಾಟಬೇಕು.

ಕಡಲನ್ನೇ ಹಿಡಿದುಕೊಂಡು ಕಾರವಾರ ಮುಟ್ಟುತ್ತೇನೆಂದು ಹೊರಟವನಿಗೆ ಅರ್ಗಾದಲ್ಲಿ ಗೋಡೆ ಸಿಗುತ್ತದೆ. ರಾಜೀವ್ ಗಾಂಧಿ 1986ರಲ್ಲಿ ಅಡಿಗಲ್ಲು ಹಾಕಿದ ಸೀಬರ್ಡ್ ಯೋಜನೆ, 2005ರಲ್ಲಿ ಐಎನ್‌ಎಸ್ ಕದಂಬ ಆಯಿತು. ಆ ತೀರದ ಮೀನುಗಾರರೂ ರೈತರೂ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದರು. ತೀರದ ದಾರಿ ನೌಕಾನೆಲೆಯ ಒಳಗೆ ಉಳಿಯಿತು. ಗೋಡೆಯ ಪಕ್ಕ ಗಾಡಿ ನಿಲ್ಲಿಸಿ ಸೆಲ್ಫಿ ತೆಗೆಯುವ ಪ್ರವಾಸಿಗಳನ್ನು ಕಂಡರೆ ನನಗೆ ದಿಗಿಲು. ಲೈಸೆನ್ಸ್ ತಪಾಸಣೆಯವರಾದರೂ ‘ಹೋಗಿ’ ಎನ್ನುತ್ತಾರೆ, ಇಲ್ಲಿ ಕೇಳುವವರು ಬೇರೆ.

ಬಿಣಗಾದಿಂದ ಸುರಂಗ ಹಿಡಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪೇಟೆ. ನಾನು ಘಟ್ಟದ ಹಳೆಯ ದಾರಿಯಲ್ಲೇ ಬೈತಖೋಲಕ್ಕೆ ಇಳಿಯುತ್ತೇನೆ. ಕೆಳಗೆ ಬಂದರು, ಸಾಲುಸಾಲು ದೋಣಿ, ಒಂದು ಕ್ಷಣ ಎಲ್ಲ ಚೆಂದ. ನಂತರ ಬರುತ್ತದೆ ಮೀನಿನ ನೀರು. ಲಾರಿಯಿಂದ ಕರಗಿದ ಮಂಜುಗಡ್ಡೆಯ ನೀರು ಬಂಗಡೆ, ತಾರ್ಲೆಯ ಜಿಡ್ಡು ಕೂಡಿಸಿಕೊಂಡು ರಸ್ತೆಯ ಮೇಲೆ ಸುರಿಯುತ್ತ ಹೋಗುತ್ತದೆ. ಸ್ಕೂಟರಿನ ಚಿಕ್ಕ ಚಕ್ರಕ್ಕೆ ಅದು ಮರಳಿಗಿಂತ ಕೆಟ್ಟದು, ಯಾಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಮೂಗಿಗೆ ತಿಳಿಯುವಷ್ಟರಲ್ಲಿ ಮೇಲೆ ಬಂದಿರುತ್ತೇವೆ. ಲಾರಿಗೆ ಒಂದು ಸಂಗ್ರಹ ಟ್ಯಾಂಕು ಕಟ್ಟಿಸಿ ತಪ್ಪದೆ ಬಳಸುವುದು ಕಷ್ಟವೇ? ಹೆಲ್ಮೆಟಿಲ್ಲದವನಿಗೆ ದಂಡ ಹಾಕುವ ಊರಿನಲ್ಲಿ ಹೆಲ್ಮೆಟಿದ್ದವನನ್ನು ಕೆಡವುವ ನೀರು ಹಗಲಿನಲ್ಲೇ ಸುರಿಯುತ್ತಿದ್ದರೆ ಅದಕ್ಕೆ ಹೇಳುವವರು ಕೇಳುವವರು ಬೇಡವೇ?

ಇರಲಿ. ಗಾಡಿ ನಿಲ್ಲಿಸುವುದಕ್ಕೆ ಬರೋಣ, ಅದು ನನ್ನ ಇಷ್ಟದ ವಿಷಯ. ನೂರು ಕಿಲೋ ಮೀರುವ ಸ್ಕೂಟರು ಸೈಡ್ ಸ್ಟ್ಯಾಂಡಿನಲ್ಲಿ ನಿಂತಾಗ ಅದರ ಎಡಗಡೆಯ ಭಾರ ಹೆಬ್ಬೆಟ್ಟಿನಷ್ಟು ಅಗಲದ ಕಬ್ಬಿಣದ ಕಾಲಿನ ಮೇಲಿರುತ್ತದೆ. ಮರಳಿನಲ್ಲಿ, ಮಳೆ ಕುಡಿದ ಮಣ್ಣಿನಲ್ಲಿ, ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲೂ ಆ ಕಾಲು ನಿಧಾನ ಇಳಿಯುತ್ತದೆ. ನಾವು ಊಟಕ್ಕೆ ಕೂತಾಗ ಗಾಡಿ ಮಲಗುತ್ತದೆ. ಡಬಲ್ ಸ್ಟ್ಯಾಂಡೇ ಸರಿ ಎನ್ನುವ ಪಂಗಡವಿದೆ. ಗಟ್ಟಿ ನೆಲದಲ್ಲಿ ಅದು ಹೌದು. ಮರಳಿನಲ್ಲಿ ಅದರ ಎರಡು ಕಾಲಲ್ಲಿ ಒಂದೇ ಒಂದು ಇಳಿದರೂ ಗಾಡಿ ಬಲಕ್ಕೋ ಎಡಕ್ಕೋ ವಾಲಿ ಪಕ್ಕದ ಬೈಕನ್ನೂ ಎಳೆದುಕೊಂಡೇ ಬೀಳುತ್ತದೆ. ನನ್ನ ಉಪಾಯ ಹಳೆಯದು: ಸೀಟಿನ ಕೆಳಗೆ ಅಂಗೈಯಗಲದ ಚೀರೆಕಲ್ಲಿನ ಚೂರು. ತೆಂಗಿನ ಕರಟ ಇಡುವವರಿದ್ದಾರೆ. ಕರಟದ ಬೆನ್ನಿನ ಮೇಲೆ ಸ್ಟ್ಯಾಂಡ್ ಜಾರುತ್ತದೆ, ಬೋರಲು ಹಾಕದೆ ಇಟ್ಟರೆ ಒಡೆಯುತ್ತದೆ. ಹಲಗೆಯ ತುಂಡು ಆಗಬಹುದು, ಆದರೆ ಯಾರಾದರೂ ಒಲೆಗೆ ಒಯ್ಯುತ್ತಾರೆ. ಕಲ್ಲನ್ನು ಯಾರೂ ಒಯ್ಯುವುದಿಲ್ಲ.

ಬೈತಖೋಲದಲ್ಲಿ ಕಲ್ಲಷ್ಟೇ ಸಾಲದು, ಜಾಗವೂ ನೋಡಬೇಕು. ಖಾಲಿ ಎಂದು ಕಾಣುವುದು ಹೆಚ್ಚಾಗಿ ಲಾರಿ ಹಿಂದಕ್ಕೆ ಬರುವ ಜಾಗ ಅಥವಾ ಬಲೆ ಹರಡುವ ಜಾಗ. ಅಲ್ಲಿರುವವರನ್ನು ‘ಇಲ್ಲಿ ನಿಲ್ಲಿಸಲಾ ಅಕ್ಕಾ?’ ಎಂದು ಕೇಳಿದರೆ ಬೈಯದೆ ಜಾಗ ತೋರಿಸುತ್ತಾರೆ. ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ಲಾರಿ ಕಡಿಮೆ, ನಿಲ್ಲಿಸಲು ಜಾಗ ಹೆಚ್ಚು. ಆದರೆ ಆಗ ಸುರಿಯುವ ಮಳೆಗೆ ಸ್ಕೂಟರ್ ಹತ್ತುವವನೇ ಬೇಕಲ್ಲ.

ಕಪ್ಪು ಫಲಕದ ಗಾಡಿ ಸಿಗದಿದ್ದರೆ ಬಿಳಿಯದ್ದು ಹಿಡಿಯಬೇಡಿ. ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿದೆ, ಕಿಟಕಿಯ ಬದಿಗೆ ಕೂತುಕೊಳ್ಳಿ.