ಬಂದರೂ ಬಾರದ ಹಣ

ಒಂದೇ ಮಾತಿಗೆ ಎರಡು ಅರ್ಥಗಳಿದ್ದು, ಹೇಳುವವರು ಒಂದನ್ನೂ ಕೇಳುವವರು ಮತ್ತೊಂದನ್ನೂ ಹಿಡಿದುಕೊಂಡರೆ ಅದರಿಂದಾಗುವ ಕಷ್ಟ ಸಣ್ಣದಲ್ಲ. ನಮ್ಮ ಕಾಲದಲ್ಲಿ ಅಂಥದ್ದೊಂದು ಮಾತು 'ಲಿಂಕ್'. "ನಿಮ್ಮ ಖಾತೆಗೆ ಆಧಾರ್ ಲಿಂಕ್ ಆಗಿದೆ" ಎಂದು ಬ್ಯಾಂಕಿನವರು ಹೇಳುತ್ತಾರೆ. "ಆಧಾರ್ ಲಿಂಕ್ ಸರಿಯಿಲ್ಲ, ಬ್ಯಾಂಕಿನಲ್ಲಿ ಕೇಳಿ" ಎಂದು ಇಲಾಖೆಯವರು ಹೇಳುತ್ತಾರೆ. ಇಬ್ಬರೂ ಸುಳ್ಳಾಡುತ್ತಿರುವುದಿಲ್ಲ. ಆದರೆ ಈ ಎರಡು ಸತ್ಯಗಳ ನಡುವೆ ಸಿಲುಕಿದ ಮನುಷ್ಯ ತಿಂಗಳುಗಟ್ಟಲೆ ಅಲೆಯುತ್ತಾನೆ. ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ ನೆರೆಹೊರೆಯವರ ಅರ್ಜಿ, ನಮೂನೆಗಳನ್ನು ತುಂಬಿಕೊಡುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಕಂಡ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕೆನಿಸಿದೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಅರವತ್ತರ ಆಸುಪಾಸಿನ ಒಬ್ಬ ವಿಧವೆ ತಾಯಿ ಇದ್ದಾರೆ. ಒಂದು ಹಸು, ಹಿತ್ತಲಿನ ನಾಲ್ಕು ಅಡಿಕೆ ಮರ, ಮಗನ ಕೂಲಿ. ಇಷ್ಟರಲ್ಲಿ ಸಂಸಾರ ಸಾಗಬೇಕು. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ನಮೂದಾಗಿರುವುದು ಅವರ ಹೆಸರೇ. ಕರ್ನಾಟಕ ಸರ್ಕಾರವು 2023ರ ಆಗಸ್ಟ್ ತಿಂಗಳಲ್ಲಿ ಗೃಹಲಕ್ಷ್ಮಿ ಯೋಜನೆಯನ್ನು ಆರಂಭಿಸಿ, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡಲು ಮುಂದಾದಾಗ ಅವರೂ ಅರ್ಜಿ ಸಲ್ಲಿಸಿದ್ದರು. ಅರ್ಜಿ ಮಂಜೂರಾಯಿತು. ಬೀದಿಯ ಇತರ ಹೆಣ್ಣುಮಕ್ಕಳಿಗೆ ಹಣ ಬಂತು. ಇವರ ಪಾಸ್‌ಪುಸ್ತಕದಲ್ಲಿ ಮಾತ್ರ ಹಾಲಿನ ಬಟವಾಡೆಯ ಸಾಲುಗಳ ಹೊರತು ಬೇರೇನೂ ಕಾಣಲಿಲ್ಲ.

ಬ್ಯಾಂಕಿಗೆ ಹೋದರು. ಅಲ್ಲಿಯವರು ಗಣಕಯಂತ್ರದಲ್ಲಿ ನೋಡಿ, ಖಾತೆಗೆ ಆಧಾರ್ ಸಂಖ್ಯೆ ಸೇರಿದೆ ಎಂದರು. ಇಲಾಖೆಯ ತಾಲ್ಲೂಕು ಕಚೇರಿಗೆ ಹೋದರು. ಅಲ್ಲಿನ ದಾಖಲೆಯಲ್ಲಿ ಆರು ಕಂತುಗಳೂ ಪಾವತಿಯಾಗಿವೆ ಎಂದಿತ್ತು. ಹಣ ಬರದಿರುವುದಕ್ಕಿಂತ ಈ ಉತ್ತರವೇ ಅವರಿಗೆ ಹೆಚ್ಚು ಭಾರವಾಯಿತು. ಏಕೆಂದರೆ ಕಚೇರಿಗೆ ಜೊತೆಯಲ್ಲಿ ಹೋಗಿದ್ದವನು ಮಗ. ಪಾವತಿಯಾಗಿದೆ ಎಂದು ಸರ್ಕಾರದ ಪುಸ್ತಕವೇ ಹೇಳುತ್ತಿರುವಾಗ ತಾಯಿ ಇಲ್ಲವೆನ್ನುವುದು ಹೇಗೆ? ಗಂಡನ ಮನೆಯಲ್ಲಿ ಕಷ್ಟದಲ್ಲಿರುವ ಮಗಳಿಗೆ ಗುಟ್ಟಾಗಿ ಕೊಡುತ್ತಿರಬಹುದೆಂಬ ಸಂಶಯ ಅವನ ಮನಸ್ಸಿನಲ್ಲಿ ಹೊಕ್ಕಿತು. ಬಾಯಿ ಬಿಟ್ಟು ಹೇಳಲಿಲ್ಲ. ತಾಯಿಯೊಡನೆ ಮಾತು ಕಡಿಮೆ ಮಾಡಿದ. "ಮೇಷ್ಟ್ರೇ, ದುಡ್ಡು ಹೋದರೆ ಹೋಗಲಿ. ನಾನು ಕದ್ದವಳಲ್ಲ ಅಂತ ಯಾವ ಕಾಗದ ತೋರಿಸಲಿ?" ಎಂದು ಅವರು ಕೇಳಿದರು.

ಈ ಗಂಟನ್ನು ಬಿಡಿಸಬೇಕಾದರೆ ಹಣ ಸಾಗುವ ದಾರಿಯನ್ನು ತಿಳಿಯಬೇಕು. ಹಾಲಿನ ಸಂಘದವರು ಹಣ ಕಳುಹಿಸುವುದು ಖಾತೆಯ ಸಂಖ್ಯೆಯನ್ನು ನೋಡಿ. ಆದ್ದರಿಂದ ಅದು ಆ ಖಾತೆಗೇ ಬರುತ್ತದೆ. ಆಧಾರ್ ಆಧಾರಿತ ನೇರ ಪಾವತಿಯಲ್ಲಿ ಹಾಗಲ್ಲ. ಇಲ್ಲಿ ಹಣ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಫಲಾನುಭವಿಯ ಆಧಾರ್ ಸಂಖ್ಯೆ. ಆ ಸಂಖ್ಯೆ ಯಾವ ಬ್ಯಾಂಕಿಗೆ ಸೇರಿದೆ ಎಂದು ತಿಳಿಸುವ ಒಂದು ದೊಡ್ಡ ಪಟ್ಟಿ ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ ಬಳಿ ಇದೆ. ಇದನ್ನು ಬ್ಯಾಂಕಿನವರು ಮ್ಯಾಪರ್ ಎನ್ನುತ್ತಾರೆ. ಈ ಪಟ್ಟಿಯಲ್ಲಿ ಒಂದು ಆಧಾರ್ ಸಂಖ್ಯೆಯ ಎದುರಿಗೆ ಒಂದೇ ಬ್ಯಾಂಕಿನ ಹೆಸರು ಇರಲು ಸಾಧ್ಯ. ಅಲ್ಲಿ ಖಾತೆಯ ಸಂಖ್ಯೆ ಇರುವುದಿಲ್ಲ. ಪಾವತಿ ನಿಗಮವು ಹಣವನ್ನು ಆ ಬ್ಯಾಂಕಿಗೆ ತಲುಪಿಸುತ್ತದೆ. ಬ್ಯಾಂಕು ತನ್ನಲ್ಲಿ ಆ ಆಧಾರ್ ಸಂಖ್ಯೆಗೆ ಗುರುತು ಮಾಡಿರುವ ಖಾತೆಗೆ ಜಮಾ ಮಾಡುತ್ತದೆ.

ಹೀಗಾಗಿ ಒಬ್ಬರು ಮೂರು ಬ್ಯಾಂಕುಗಳಲ್ಲಿ ಖಾತೆ ತೆರೆದು, ಮೂರರಲ್ಲಿಯೂ ಆಧಾರ್ ಪ್ರತಿಯನ್ನು ಕೊಟ್ಟಿದ್ದರೆ, ಮೂರೂ ಖಾತೆಗಳಿಗೆ ಆಧಾರ್ 'ಲಿಂಕ್' ಆಗಿರುತ್ತದೆ. ಅದು ಗುರುತಿನ ದಾಖಲೆಯಾಗಿ ಆದ ಲಿಂಕ್. ಆದರೆ ಪಾವತಿಯ ಪಟ್ಟಿಯಲ್ಲಿ ಹೆಸರಿರುವುದು ಒಂದೇ ಬ್ಯಾಂಕಿನದು. ಕಟ್ಟಕಡೆಗೆ ಯಾವ ಬ್ಯಾಂಕು ಆ ಪಟ್ಟಿಗೆ ವಿವರ ಕಳುಹಿಸಿತೋ ಅದರದು. ಈ ಎರಡನೆಯ ಜೋಡಣೆಗೆ ಕಚೇರಿಯ ಭಾಷೆಯಲ್ಲಿ ಸೀಡಿಂಗ್ ಎಂಬ ಬೇರೆಯೇ ಹೆಸರಿದೆ. ಜನರ ಬಾಯಲ್ಲಿ ಎರಡೂ ಲಿಂಕ್ ಆಗಿಬಿಟ್ಟಿವೆ. ಗೊಂದಲದ ಮೂಲ ಇಲ್ಲಿದೆ.

ಪಟ್ಟಿಯಲ್ಲಿ ಏನಿದೆ ಎಂದು ನೋಡುವುದು ಕಷ್ಟವಲ್ಲ. ಆಧಾರ್ ಪ್ರಾಧಿಕಾರದ myaadhaar.uidai.gov.in ಎಂಬ ತಾಣದಲ್ಲಿ ಆಧಾರ್ ಸಂಖ್ಯೆಯನ್ನು ಕೊಟ್ಟು ಪ್ರವೇಶಿಸಿದರೆ Bank Seeding Status ಎಂಬ ಭಾಗ ಸಿಗುತ್ತದೆ. ಅದರಲ್ಲಿ ಬ್ಯಾಂಕಿನ ಹೆಸರು, ಜೋಡಣೆ ಚಾಲ್ತಿಯಲ್ಲಿದೆಯೇ ಇಲ್ಲವೇ ಎಂಬುದು ಮತ್ತು ಕೊನೆಯದಾಗಿ ಬದಲಾದ ದಿನಾಂಕ ಕಾಣುತ್ತವೆ. ಪ್ರವೇಶಿಸಲು ಆಧಾರ್‌ನಲ್ಲಿ ನೋಂದಾಯಿಸಿದ ಮೊಬೈಲ್‌ಗೆ ಬರುವ ಗುಪ್ತಸಂಖ್ಯೆ ಬೇಕು. ಆ ಮೊಬೈಲ್ ಸಂಖ್ಯೆ ಕೈತಪ್ಪಿ ಹೋಗಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ಅದನ್ನು ಬದಲಾಯಿಸಿಕೊಳ್ಳಬೇಕಾಗುತ್ತದೆ. ಆ ಗುಪ್ತಸಂಖ್ಯೆಯನ್ನು ದೂರವಾಣಿಯಲ್ಲಿ ಕೇಳುವ ಯಾರಿಗೂ ಹೇಳಬಾರದು ಎಂಬ ಎಚ್ಚರವೂ ಬೇಕು.

ಈ ತಾಯಿಯ ಆಧಾರ್‌ಗೆ ನೋಂದಣಿಯಾಗಿದ್ದುದು ಮಗನ ಮೊಬೈಲ್ ಸಂಖ್ಯೆ. ಆದ್ದರಿಂದ ಅವನನ್ನೂ ಕೂರಿಸಿಕೊಂಡೇ ನೋಡಿದೆವು. ಪರದೆಯ ಮೇಲೆ ಬ್ಯಾಂಕಿನ ಹೆಸರು ಮೂಡಿತು. ಅದು ಊರಿನ ಬ್ಯಾಂಕಾಗಿರಲಿಲ್ಲ. ಮೂವತ್ತು ಕಿಲೋಮೀಟರು ದೂರದ ಪೇಟೆಯ ಬೇರೊಂದು ಬ್ಯಾಂಕು. ಜೋಡಣೆಯಾದ ದಿನಾಂಕ 2017ರದ್ದು. ಮಗ ಆ ಹೆಸರನ್ನು ಎರಡು ಬಾರಿ ಓದಿದ. ತಾಯಿ ಸ್ವಲ್ಪ ಹೊತ್ತು ಯೋಚಿಸಿ, "ಅದು ತೋಟದ ಬ್ಯಾಂಕು" ಎಂದರು.

ಆಗ ಹಳೆಯ ಕಥೆ ನೆನಪಾಯಿತು. 2016ರ ನವೆಂಬರ್‌ನಲ್ಲಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದಾಗ, ಕಾಫಿ ತೋಟಗಳಲ್ಲಿ ವಾರದ ಬಟವಾಡೆಗೆ ನಗದು ಸಿಗದೆ ಕಾರ್ಮಿಕರಿಗೆಲ್ಲ ಬ್ಯಾಂಕ್ ಖಾತೆ ತೆರೆಸಿದ ಕಾಲ ಅದು. ಇವರು ಆಗ ತೋಟವೊಂದರಲ್ಲಿ ಹಣ್ಣು ಕೊಯ್ಯುತ್ತಿದ್ದರು. ಲೈನಿನ ಮುಂದೆ ಮೇಜು ಹಾಕಿಕೊಂಡು ಕುಳಿತವರು ಆಧಾರ್ ಪ್ರತಿ ಪಡೆದು, ಕಾಗದಗಳಿಗೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಆ ಕಾಗದಗಳಲ್ಲಿ ಒಂದು, ಸರ್ಕಾರದ ಸೌಲಭ್ಯಗಳೂ ಇನ್ನು ಮುಂದೆ ಇದೇ ಬ್ಯಾಂಕಿಗೆ ಬರಲಿ ಎಂಬ ಒಪ್ಪಿಗೆಯಾಗಿತ್ತು. 2020ರಲ್ಲಿ ಸೊಂಟದ ನೋವಿನಿಂದ ತೋಟದ ಕೆಲಸ ಬಿಟ್ಟರು. ಪಾಸ್‌ಪುಸ್ತಕ ಎಲ್ಲೋ ಕಳೆಯಿತು. ಖಾತೆಯನ್ನು ಅವರು ಮರೆತರು. ಪಟ್ಟಿ ಮಾತ್ರ ಮರೆಯಲಿಲ್ಲ.

ಮರುವಾರ ಆ ಪೇಟೆಗೆ ಹೋದೆವು. ಖಾತೆ ಇತ್ತು. ಗ್ರಾಹಕರು ಎರಡು ವರ್ಷಕ್ಕೂ ಮೀರಿ ವ್ಯವಹಾರ ಮಾಡದಿದ್ದುದರಿಂದ ಅದು ನಿಷ್ಕ್ರಿಯ ಖಾತೆಗಳ ಸಾಲಿಗೆ ಸೇರಿತ್ತು. ಅಂಥ ಖಾತೆಗೆ ಹಣ ಜಮೆಯಾಗಲು ಅಡ್ಡಿಯಿಲ್ಲ, ತೆಗೆಯಲು ಮಾತ್ರ ಆಗುವುದಿಲ್ಲ. ಗೃಹಲಕ್ಷ್ಮಿಯ ಆರು ಕಂತುಗಳು, ಅಂದರೆ 12,000 ರೂಪಾಯಿ, ಒಂದೂ ತಪ್ಪದೆ ಅಲ್ಲಿ ಬಂದು ಕುಳಿತಿದ್ದವು. ಇಲಾಖೆಯ ಪುಸ್ತಕ ಹೇಳಿದ್ದು ನಿಜ. ತಾಯಿ ಹೇಳಿದ್ದೂ ನಿಜ. ಗುರುತಿನ ದಾಖಲೆಗಳನ್ನು ಹೊಸದಾಗಿ ಕೊಟ್ಟ ಮೇಲೆ ಖಾತೆಗೆ ಮತ್ತೆ ಜೀವ ಬಂತು. ಇದಕ್ಕೆ ಶುಲ್ಕ ಕೇಳಕೂಡದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಯಾರೂ ಕೇಳಲೂ ಇಲ್ಲ. ಮಗನೇ ತಾಯಿಯ ಕೈಹಿಡಿದು ನಗದು ಕೊಡುವ ಕಿಟಕಿಯ ಬಳಿಗೆ ಕರೆದೊಯ್ದ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಕಂತುಗಳಿಗಾಗಿ ಪ್ರತಿ ಬಾರಿ ಮೂವತ್ತು ಕಿಲೋಮೀಟರು ಬಸ್ಸಿನಲ್ಲಿ ಬರುವುದು ಆ ಸೊಂಟಕ್ಕೆ ಆಗದ ಮಾತು. ಆದ್ದರಿಂದ ಊರಿನ ಬ್ಯಾಂಕಿನಲ್ಲಿ ಒಂದು ಒಪ್ಪಿಗೆ ಪತ್ರ ಕೊಟ್ಟೆವು. ಇದು ಖಾತೆಗೆ ಆಧಾರ್ ಸೇರಿಸಿ ಎಂಬ ಸಾಮಾನ್ಯ ಅರ್ಜಿಯಲ್ಲ. ಸರ್ಕಾರದ ನೇರ ಪಾವತಿ ಈ ಖಾತೆಗೆ ಬರಲಿ, ಈಗ ಇಂಥ ಬ್ಯಾಂಕಿಗೆ ಇರುವ ಜೋಡಣೆಯನ್ನು ಇಲ್ಲಿಗೆ ಬದಲಾಯಿಸಿ ಎಂದು ಹಳೆಯ ಬ್ಯಾಂಕಿನ ಹೆಸರು ಬರೆದು ಸಹಿ ಮಾಡುವ ನಮೂನೆ. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಇರುವವರು ಯಾವ ಖಾತೆಗೆ ಎಂಬುದನ್ನೂ ಇದರಲ್ಲಿ ಸ್ಪಷ್ಟಪಡಿಸಬೇಕು. ಸ್ವೀಕೃತಿ ಪಡೆದು, ಕೆಲವು ದಿನ ಬಿಟ್ಟು ಅದೇ ತಾಣದಲ್ಲಿ ಮತ್ತೆ ನೋಡಿದೆವು. ಊರಿನ ಬ್ಯಾಂಕಿನ ಹೆಸರು ಬಂದಿತ್ತು. ಬ್ಯಾಂಕಿನವರು ಬಾಯಿಮಾತಿನಲ್ಲಿ ಆಯಿತು ಎಂದರೂ ಪಟ್ಟಿಯಲ್ಲಿ ಹೆಸರು ಬದಲಾಗುವವರೆಗೆ ಕೆಲಸ ಆಗಿಲ್ಲವೆಂದೇ ತಿಳಿಯಬೇಕು.

ಎಲ್ಲರ ಕಥೆಯೂ ಇಷ್ಟು ಸುಖವಾಗಿ ಮುಗಿಯುವುದಿಲ್ಲ. ಕೆಲವರ ಹೆಸರಿನ ಎದುರು ಯಾವ ಬ್ಯಾಂಕೂ ಇರುವುದಿಲ್ಲ; ಕೆಲವರ ಜೋಡಣೆ ರದ್ದಾಗಿರುತ್ತದೆ, ಅಥವಾ ಖಾತೆಯೇ ಮುಚ್ಚಿಹೋಗಿರುತ್ತದೆ. ಆಗ ಹಣ ಎಲ್ಲಿಯೂ ಜಮೆಯಾಗದೆ ಇಲಾಖೆಗೇ ಹಿಂದಿರುಗುತ್ತದೆ. ಜೋಡಣೆಯನ್ನು ಇಂದು ಸರಿಪಡಿಸಿದ ಮಾತ್ರಕ್ಕೆ ಹಿಂದಿನ ಕಂತುಗಳು ಬ್ಯಾಂಕಿನಿಂದ ಬರುವುದಿಲ್ಲ. ಇಲಾಖೆ ಅವನ್ನು ಮತ್ತೆ ಕಳುಹಿಸಬೇಕು. ಅದಕ್ಕಾಗಿ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು. ಆದ್ದರಿಂದ ಕಚೇರಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ನನ್ನ ಹಣ ಏಕೆ ಬಂದಿಲ್ಲ ಎಂಬುದಲ್ಲ. ಹೋದ ಹಣ ಜಮೆಯಾಗಿದೆಯೇ, ಹಿಂದಿರುಗಿದೆಯೇ ಎಂಬುದು. ಜಮೆಯಾಗಿದ್ದರೆ ಪಟ್ಟಿಯಲ್ಲಿರುವ ಬ್ಯಾಂಕಿಗೆ ಹೋಗಬೇಕು. ಹಿಂದಿರುಗಿದ್ದರೆ ಜೋಡಣೆಯನ್ನು ಸರಿಪಡಿಸಿಕೊಂಡು ಇಲಾಖೆಗೆ ಹೋಗಬೇಕು.

ಬ್ಯಾಂಕ್ ಖಾತೆಗಳಿಗೆಲ್ಲ ಆಧಾರ್ ಜೋಡಣೆ ಕಡ್ಡಾಯವೆಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 26ರಂದು ತಳ್ಳಿಹಾಕಿತು. ಆದರೆ ಸರ್ಕಾರದ ಸಹಾಯಧನಕ್ಕೆ ಆಧಾರ್ ಕೇಳಬಹುದೆಂಬ ಕಾನೂನನ್ನು ಎತ್ತಿಹಿಡಿಯಿತು. ಅಂದರೆ ಉಳ್ಳವನಿಗೆ ಈ ಜೋಡಣೆ ಅವನ ಇಷ್ಟ; ಸಹಾಯಧನವನ್ನು ನಂಬಿದವನಿಗೆ ಅದೇ ಅನ್ನದ ದಾರಿ. ಆ ದಾರಿ ಎಲ್ಲಿ ತಿರುಗಿದೆ ಎಂದು ತಿಳಿಯುವ ಸಾಧನ ಮಾತ್ರ ಹೆಚ್ಚಾಗಿ ಉಳ್ಳವರ ಕೈಯಲ್ಲಿದೆ.

ಮಧ್ಯವರ್ತಿಗಳು ನುಂಗದಂತೆ ಹಣ ನೇರವಾಗಿ ತಲುಪಲಿ ಎಂದು ಮಾಡಿದ ವ್ಯವಸ್ಥೆ ಇದು. ಆ ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 'ಪಾವತಿಯಾಗಿದೆ' ಎಂದು ಬರೆಯುವ ಲೇಖನಿಯು, ಯಾವ ಬ್ಯಾಂಕಿಗೆ ಎಂಬ ಇನ್ನೊಂದು ಪದವನ್ನು ಅಂದು ಗಟ್ಟಿಯಾಗಿ ಓದಿ ಹೇಳಿದ್ದರೆ ಸಾಕಾಗಿತ್ತು. ಒಬ್ಬ ತಾಯಿ ತನ್ನ ಮಗನ ಎದುರು ನಿರಪರಾಧಿ ಎಂದು ಸಾಬೀತು ಮಾಡಬೇಕಾದ ದಿನಗಳು ಬರುತ್ತಿರಲಿಲ್ಲ. ಹನ್ನೆರಡು ಸಾವಿರ ರೂಪಾಯಿ ಒಂದು ದಿನ ಮರಳಿ ಸಿಕ್ಕಿತು. ಆ ಮನೆಯಲ್ಲಿ ಮಾತಿಲ್ಲದೆ ಕಳೆದ ತಿಂಗಳುಗಳನ್ನು ಯಾವ ಖಾತೆಯೂ ಜಮಾ ಮಾಡಿಕೊಂಡಿರಲಿಲ್ಲ.