ಕಿವಿಯೂ ಚೆವಿಯೂ

ನಮ್ಮ ಹಾಸ್ಟೆಲಿನ ಊಟದ ಮನೆಯಲ್ಲಿ ಒಂದು ರಾತ್ರಿ ದೊಡ್ಡ ಜಗಳವೇ ಆಗಿಹೋಯಿತು. ಕಾರಣ ಒಂದು ಲೋಟ ಹಾಲು. ಕೋಲಾರದ ಚಿನ್ನದ ಗಣಿಯ ಕಡೆಯಿಂದ ಬಂದ, ಮನೆಯಲ್ಲಿ ತಮಿಳಾಡುವ ನನ್ನ ಕೋಣೆಯ ಗೆಳೆಯ, “ನಮ್ಮ ಪಾಲ್ ಕೆಟ್ಟು ನಿಮ್ಮ ಹಾಲಾಯಿತು; ನಮ್ಮ ಪುಲಿ ನಿಮ್ಮಲ್ಲಿ ಹುಲಿಯಾಯಿತು. ಕನ್ನಡ ತಮಿಳಿನ ಮಗಳು ಕಣಯ್ಯಾ” ಎಂದುಬಿಟ್ಟ. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಎರಡೂ ಅಕ್ಕತಂಗಿಯರೆಂದು ತೋರಿಸಿಯೇ ತೀರುತ್ತೇನೆಂದು ಆ ರಾತ್ರಿಯೇ ಎರಡು ಭಾಷೆಗಳಲ್ಲೂ ಒಂದೇ ಬಗೆಯಾಗಿರುವ ಪದಗಳನ್ನು ಪುಟಗಟ್ಟಲೆ ಬರೆದು, ಬೆಳಗಾದೊಡನೆ ಅಧ್ಯಾಪಕರ ಮುಂದಿಟ್ಟೆ.

ಅವರು ಕೆಂಪು ಪೆನ್ಸಿಲು ಹಿಡಿದು ಮೊದಲು ಪುಸ್ತಕವನ್ನೂ ಪುಸ್ತಕಮ್ಮನ್ನೂ ಹೊಡೆದುಹಾಕಿದರು. “ಇದು ಇಬ್ಬರೂ ಸಂಸ್ಕೃತದಿಂದ ಸಾಲ ತಂದದ್ದು. ಒಂದೇ ಅಂಗಡಿಯಲ್ಲಿ ಸಾಲ ಮಾಡಿದವರೆಲ್ಲ ದಾಯಾದಿಗಳಾಗುತ್ತಾರೇನಯ್ಯಾ?” ಎಂದರು. ಇಂಗ್ಲಿಷಿನ ಮಚ್ ಮತ್ತು ಸ್ಪ್ಯಾನಿಷಿನ ಮೂಚೋ ಎರಡಕ್ಕೂ ‘ಬಹಳ’ ಎಂದೇ ಅರ್ಥ. ಆದರೆ ಅವುಗಳಿಗೆ ಮೂಲದಲ್ಲಿ ಸಂಬಂಧವೇ ಇಲ್ಲವಂತೆ. ಹೋಲಿಕೆಯನ್ನು ನಂಬಿದರೆ ಹೀಗೆ ಮೋಸಹೋಗುವುದುಂಟು. “ಒಂದೇ ತೆರನಾದವನ್ನು ಬಿಡು, ಬೇರೆಬೇರೆಯಾಗಿದ್ದು, ಪ್ರತಿ ಸಲವೂ ಒಂದೇ ರೀತಿಯಲ್ಲಿ ಬೇರೆಯಾದವನ್ನು ತಾ” ಎಂದು ಕಳಿಸಿದರು.

ಆಗ ಗೆಳೆಯನನ್ನೇ ಕೂರಿಸಿಕೊಂಡೆ. ನಮ್ಮ ಕಿವಿ ಅವನಿಗೆ ಚೆವಿ. ಆಡುವಾಗ ಅದು ಸೆವಿ ಎಂದೇ ಕೇಳಿಸಿದರೂ ಬರಹದಲ್ಲಿ ಚಕಾರ. ನಮ್ಮ ಗೆಯ್ಯುವುದು ಹಳಗನ್ನಡದಲ್ಲಿ ಕೆಯ್, ಅವನಿಗೆ ಚೆಯ್. ನಮ್ಮ ಕಿರಿದು ಅವನ ಚಿರಿದು, ನಮ್ಮ ಕೆರೆ ಅವನ ಚಿರೈ, ನಮ್ಮ ಕೆಂಪಿನ ‘ಕೆಂ’ ಅವನ ‘ಚೆಂ’. ಇ, ಎ ಸ್ವರಗಳ ಮುಂದೆ ನಮ್ಮ ಕಕಾರಕ್ಕೆ ಅವನಲ್ಲಿ ಚಕಾರ. ಕಣ್ಣು, ಕಾಲು, ಕಲ್ಲುಗಳಲ್ಲಿ ಮಾತ್ರ ಇಬ್ಬರಿಗೂ ಕಕಾರವೇ. ಒಂದು ಪದವಾದರೆ ಆಕಸ್ಮಿಕವೆನ್ನಬಹುದು. ಸಾಲುಸಾಲು ಪದಗಳು ಒಂದೇ ಕಟ್ಟಳೆಗೆ ಒಳಪಟ್ಟರೆ ಹಾಗೆನ್ನಲಾಗದು.

ಅಷ್ಟರಲ್ಲಿ ಅವನು, “ಹಾಗಾದರೆ ಕೇಳು?” ಎಂದ. ನಾನು ಕೇಳಲು ಸಿದ್ಧನಾಗಿ ಕುಳಿತೆ. ಅವನು ಹೇಳಿದ್ದು ಪದದ ಮಾತು! ನಮ್ಮ ಕೇಳು ತಮಿಳಿನಲ್ಲೂ ಕೇಳ್. ಕೆಡು ಅಲ್ಲಿಯೂ ಕೆಡು. ಗಿಳಿ ಅಲ್ಲಿ ಕಿಳಿ. ಚೇಳ್ ಇಲ್ಲ, ಚೆಡು ಇಲ್ಲ. ನನ್ನ ಕಟ್ಟಳೆ ಮುರಿದುಬಿತ್ತೆಂದು ಎದೆ ಕುಸಿಯಿತು.

ಅಧ್ಯಾಪಕರು ನಕ್ಕು, “ಈ ಮೂರರಲ್ಲೂ ಸ್ವರದ ಮುಂದೆ ಬರುವ ಅಕ್ಷರ ಯಾವುದು ನೋಡು” ಎಂದರು. ಳ, ಡ, ಳ. ನಾಲಗೆಯನ್ನು ಹಿಂದಕ್ಕೆ ಮಡಿಸಿ ನುಡಿಯುವ ಮೂರ್ಧನ್ಯಗಳು! ಇ, ಎ ಸ್ವರಗಳು ನಾಲಗೆಯನ್ನು ಮುಂದಕ್ಕೆಳೆದು ಕಕಾರವನ್ನು ಚಕಾರವಾಗಿಸುತ್ತವೆ. ಹಿಂದೆಯೇ ಬರುವ ಮೂರ್ಧನ್ಯ ಆ ಸೆಳೆತವನ್ನು ತಡೆಯುತ್ತದೆ. ಈ ವಿಷಯವನ್ನು ಬರೋ ಎಂಬ ವಿದ್ವಾಂಸರು 1943ರಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ತೆಲುಗಿನಲ್ಲಿ ಈ ತಡೆಯೂ ಇಲ್ಲ: ಅಲ್ಲಿ ಚೆವಿಯೂ ಉಂಟು, ಕೆಡುವುದಕ್ಕೆ ಚೆಡು ಎಂಬುದೂ ಉಂಟು. ಅಂದರೆ ಕಟ್ಟಳೆಯನ್ನು ಮುರಿದ ಪದಗಳು ಮತ್ತೊಂದು ಕಟ್ಟಳೆಗೆ ಒಳಪಟ್ಟಿದ್ದವು.

ಆದರೆ ಮೊದಲಿದ್ದದ್ದು ಕಕಾರವೋ ಚಕಾರವೋ? ತುಳುವಿನಲ್ಲಿ ಕಿವಿ ಎಂದರೆ ಕೆಬಿ. ದೂರದ ಬಲೂಚಿಸ್ತಾನದ ಬ್ರಾಹುಯಿಯಲ್ಲಿ ಖಫ್. ಅಷ್ಟು ದೂರದವರೂ ನಮ್ಮಂತೆ ಗಂಟಲ ಕಡೆಯ ಧ್ವನಿಯನ್ನೇ ಉಳಿಸಿಕೊಂಡಿದ್ದಾರೆ. ಅಲ್ಲದೆ ತಮಿಳಿನಲ್ಲಿ ಕಕಾರವು ಮೂರ್ಧನ್ಯದ ಹಿಂದೆ ಮಾತ್ರ ಉಳಿದಿರುವುದೇ, ಅಲ್ಲಿಯೂ ಅದು ಮೊದಲು ಎಲ್ಲೆಡೆ ಇತ್ತೆಂಬುದಕ್ಕೆ ಸಾಕ್ಷಿ.

ಗೆಳೆಯನ ಪಾಲಿಗೂ ಪುಲಿಗೂ ನಾನು ತಲೆಬಾಗಲೇಬೇಕು. ಅಲ್ಲಿ ಮೂಲದ ಪಕಾರವನ್ನು ಉಳಿಸಿದ್ದು ತಮಿಳು. ನಾವು ಹಳಗನ್ನಡದಲ್ಲಿ ಪಾಲ್, ಪುಲಿ ಎಂದವರೇ ಆಮೇಲೆ ಹಕಾರಕ್ಕಿಳಿದೆವು. ಕಿವಿಯಲ್ಲಾದರೋ ಮೂಲವನ್ನು ಉಳಿಸಿದವರು ನಾವು. ಚೆವಿಯನ್ನು ಹೆತ್ತ ತಮಿಳಿನಿಂದಲೇ ಕನ್ನಡ ಹುಟ್ಟಿದ್ದರೆ, ಯಾವ ಯಾವ ಚಕಾರ ಹಿಂದೆ ಕಕಾರವಾಗಿತ್ತೆಂದು ನಮ್ಮ ಹಿರಿಯರಿಗೆ ಹೇಳಿಕೊಟ್ಟವರಾರು? “ಚಕಾರ ಬರುವ ಮೊದಲಿನ ತಮಿಳಿನಿಂದ ಹುಟ್ಟಿತೆನ್ನು” ಎಂದು ಗೆಳೆಯ ಪಟ್ಟು ಹಿಡಿದ. ಆ ಹಳೆಯದು ತಮಿಳೂ ಅಲ್ಲ, ಕನ್ನಡವೂ ಅಲ್ಲ, ಎರಡರ ತಾಯಿ ಎಂದು ನಾನೆಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲಿ, ಅಕ್ಕತಂಗಿಯರೇ ಇರಲಿ, ಆದರೆ ಅಕ್ಕ ನಮ್ಮದು” ಎಂದ. ಅದಕ್ಕೆ ನನ್ನ ಪಟ್ಟಿಯಲ್ಲಿ ಉತ್ತರವಿರಲಿಲ್ಲ.

ಮರುದಿನ ಊಟಕ್ಕೆ ಕೀರೆ ಸೊಪ್ಪಿನ ಹುಳಿ. ಗೆಳೆಯ ಬಡಿಸಿಕೊಳ್ಳುತ್ತಾ, “ಇದು ನಮ್ಮಲ್ಲೂ ಕೀರೈ. ರಕಾರವೇನು ಮೂರ್ಧನ್ಯವಲ್ಲವಲ್ಲ?” ಎಂದ. ನಿಜ, ಈ ಕಟ್ಟಳೆಯೊಂದರಿಂದಲೇ ಅದನ್ನು ಬಿಡಿಸಲಾಗದು. ಇಂಥ ಪದ ಸಾಲವೋ, ತಡವಾಗಿ ಬಂದದ್ದೋ, ಬೇರೇನೋ ಎಂದು ಒಂದೊಂದನ್ನೇ ಬಿಡಿಯಾಗಿ ನೋಡಬೇಕು. ಈಗ ನನ್ನ ನೋಟ್ ಪುಸ್ತಕದ ಕೊನೆಯಲ್ಲಿ ಅದಕ್ಕೆಂದೇ ಒಂದು ಪುಟವಿದೆ. ಅದರ ಮೊದಲ ಸಾಲಿನಲ್ಲಿ ಆ ಸೊಪ್ಪಿದೆ.