ಮುಖ ಮುಟ್ಟುವ ಗೋಳ, ಅಂಚು ಮುಟ್ಟುವ ಗೋಳ

ಘನದೊಳಗೆ ಹಿಡಿಸುವ ಅತಿ ದೊಡ್ಡ ಗೋಳ ಯಾವುದು ಎಂದು ಹತ್ತನೇ ತರಗತಿಯ ಮಕ್ಕಳನ್ನು ಕೇಳಿದರೆ ಹೆಚ್ಚು ಯೋಚಿಸದೆ ಉತ್ತರ ಹೇಳುತ್ತಾರೆ. ಘನದ ಅಂಚು ಎಷ್ಟೋ ಗೋಳದ ವ್ಯಾಸವೂ ಅಷ್ಟೇ. ಅಂಚು 20 ಸೆಂ.ಮೀ. ಇದ್ದರೆ ತ್ರಿಜ್ಯ 10. ಆ ಗೋಳ ಘನದ ಆರೂ ಮುಖಗಳನ್ನು ಒಂದೊಂದು ಬಿಂದುವಿನಲ್ಲಿ, ಸರಿಯಾಗಿ ಮುಖದ ನಡುಮಧ್ಯದಲ್ಲಿ ಮುಟ್ಟಿ ನಿಲ್ಲುತ್ತದೆ. ಆದರೆ ಅದೇ ಘನದ ಹನ್ನೆರಡೂ ಅಂಚುಗಳನ್ನು ಮುಟ್ಟುವ ಗೋಳ ಎಷ್ಟು ದೊಡ್ಡದು ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಎಷ್ಟೋ ಸಲ ಸಿಗುವ ಉತ್ತರ "ಅಂಥ ಗೋಳ ಇರೋಕೆ ಸಾಧ್ಯವಿಲ್ಲ ಸಾರ್" ಎಂಬುದು.

ನನಗೂ ಈ ಪ್ರಶ್ನೆ ಬಹುಕಾಲ ಕಪ್ಪುಹಲಗೆಯ ಪ್ರಶ್ನೆಯೇ ಆಗಿತ್ತು. ಕುಣಿಗಲ್ಲಿನಲ್ಲಿರುವ ನಮ್ಮಕ್ಕ ಮನೆಯ ಗೇಟಿನ ಎರಡು ಕಂಬಗಳ ಮೇಲೆ ದೀಪ ಇಡಿಸಬೇಕೆಂದು ಹೊರಟಾಗ ಅದು ಕಬ್ಬಿಣವಾಗಿ ಎದುರಿಗೆ ಬಂತು. ತುಮಕೂರಿನಲ್ಲಿ ಬಿಳಿ ಗಾಜಿನ ಎರಡು ಗ್ಲೋಬು ಕೊಂಡೆವು. ವ್ಯಾಸ 20 ಸೆಂ.ಮೀ. ಬರಿಯ ಗ್ಲೋಬು ಇಟ್ಟರೆ ಬೀದಿಯಲ್ಲಿ ಆಡುವ ಹುಡುಗರ ಚೆಂಡಿಗೆ ಒಂದು ವಾರವೂ ಉಳಿಯುವುದಿಲ್ಲ ಎಂದು, ಅದರ ಸುತ್ತ ಕಬ್ಬಿಣದ ಸರಳಿನ ಘನಾಕಾರದ ಚೌಕಟ್ಟು ಮಾಡಿಸುವುದೆಂದಾಯಿತು. ಗುಬ್ಬಿಯಲ್ಲಿ ನನಗೆ ಪರಿಚಯದ ವೆಲ್ಡಿಂಗ್ ಅಂಗಡಿಯಿದೆ. ಅಲ್ಲಿಗೆ ಹೋದೆ. ಪಿಯುಸಿ ಓದುತ್ತಿರುವ ಅಕ್ಕನ ಮಗಳೂ ಜೊತೆಗಿದ್ದಳು.

ಅಂಗಡಿಯವರು ಗ್ಲೋಬಿಗೆ ಟೇಪು ಹಿಡಿದು, "ಇಪ್ಪತ್ತು. ಒಳಗಡೆ ಇಪ್ಪತ್ತು ಸಿಗೋ ಹಂಗೆ ಹೊಡೆದುಬಿಡ್ತೀನಿ ಮೇಷ್ಟ್ರೇ" ಎಂದರು. ತಗಡಿನ ಡಬ್ಬ ಮಾಡುವುದಾಗಿದ್ದರೆ ಅದು ಸರಿಯಾದ ಅಳತೆ. ಆದರೆ ಚೌಕಟ್ಟಿಗೆ ಮುಖಗಳೇ ಇಲ್ಲ. ತಗಡು ಇರಬೇಕಾದ ಜಾಗದಲ್ಲಿ ಬರಿಯ ಗಾಳಿ. ಒಳ ಅಳತೆ 20 ಇದ್ದರೆ ಕೆಳಗಿನ ಚೌಕದ ಕಿಂಡಿಯೂ 20. ಗ್ಲೋಬು ಅದರಲ್ಲಿ ನಿಲ್ಲದೆ ಜಾರಿ ಕೆಳಗೆ ಬರುತ್ತದೆ. ಜಾರದಂತೆ ಹಿಡಿದುಕೊಂಡರೂ ಗ್ಲೋಬಿಗೂ ನಿಂತ ಸರಳುಗಳಿಗೂ ನಡುವೆ ನಾಲ್ಕು ಸೆಂ.ಮೀ.ಗಿಂತ ಹೆಚ್ಚು ಸಂದು. ಗ್ಲೋಬನ್ನು ಮುಖಗಳು ಹಿಡಿಯಬೇಕೋ ಅಂಚುಗಳು ಹಿಡಿಯಬೇಕೋ ಎಂಬುದೇ ಇಲ್ಲಿ ಅಳತೆಯನ್ನು ಬದಲಾಯಿಸುವ ವಿಷಯ.

ಲೆಕ್ಕವನ್ನು ಅಂಗಡಿಯ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲೇ ಮಾಡಿದೆವು. ಘನದ ಕೇಂದ್ರದಿಂದ ಒಂದು ಮುಖದ ಮಧ್ಯಕ್ಕೆ ಇರುವ ದೂರ ಅಂಚಿನ ಅರ್ಧ. ಅದೇ ಒಳಗೆ ಹಿಡಿಸುವ ಗೋಳದ ತ್ರಿಜ್ಯ. ಈಗ ಕೇಂದ್ರದಿಂದ ಅಂಚಿಗೆ ಹೋಗಬೇಕು. ಮೊದಲು ನೇರವಾಗಿ ಮುಖದ ಮಧ್ಯಕ್ಕೆ ಹೋಗಿ, ಅಲ್ಲಿಂದ ಲಂಬವಾಗಿ ತಿರುಗಿ ಅಂಚಿನ ಮಧ್ಯಬಿಂದುವಿಗೆ ಹೋಗಿ. ಎರಡು ನಡಿಗೆಯೂ ಅರ್ಧ ಅಂಚಿನಷ್ಟೇ. ಹಾಗಾಗಿ ಕೇಂದ್ರದಿಂದ ಅಂಚಿಗೆ ನೇರ ದೂರವೆಂದರೆ, ಎರಡು ಭುಜ ಸಮವಾಗಿರುವ ಲಂಬಕೋನ ತ್ರಿಭುಜದ ಕರ್ಣ. ಪೈಥಾಗೊರಸನ ಪ್ರಕಾರ ಅದು ಅರ್ಧ ಅಂಚಿನ √2 ಪಟ್ಟು, ಸುಮಾರು 1.414 ಪಟ್ಟು. ಅಂಚಿನ ಮೇಲೆ ಕೇಂದ್ರಕ್ಕೆ ಅತಿ ಹತ್ತಿರದ ಬಿಂದು ಅದರ ಮಧ್ಯಬಿಂದುವೇ. ಆದ್ದರಿಂದ ಗೋಳ ಅಂಚನ್ನು ಅಲ್ಲಿ ಮಾತ್ರ ಮುಟ್ಟುತ್ತದೆ, ಎಲ್ಲಿಯೂ ಅದನ್ನು ಕತ್ತರಿಸುವುದಿಲ್ಲ. ಹನ್ನೆರಡು ಅಂಚುಗಳ ಮಧ್ಯಬಿಂದುಗಳೂ ಕೇಂದ್ರದಿಂದ ಒಂದೇ ದೂರದಲ್ಲಿರುವುದರಿಂದ ಒಂದೇ ಗೋಳ ಎಲ್ಲವನ್ನೂ ಮುಟ್ಟುತ್ತದೆ.

ನಮ್ಮಲ್ಲಿ ಗ್ಲೋಬು ಮೊದಲೇ ಇತ್ತು, ಘನವನ್ನು ಹುಡುಕಬೇಕಿತ್ತು. ತ್ರಿಜ್ಯ 10 ಎಂದರೆ ಅಂಚು 10ರ 1.414 ಪಟ್ಟು, ಅಂದರೆ 14.14 ಸೆಂ.ಮೀ. 20ರ ಡಬ್ಬ ಬೇಕಾಗಿದ್ದ ಗ್ಲೋಬಿಗೆ ಸುಮಾರು 14ರ ಚೌಕಟ್ಟು ಸಾಕು. ಅಂಗಡಿಯವರು ನೆಲದ ಮೇಲಿನ ಅಂಕಿಯನ್ನೂ ಗ್ಲೋಬನ್ನೂ ನೋಡಿ, "ಇಪ್ಪತ್ತರದ್ದು ಹದಿನಾಲ್ಕರೊಳಗೆ ಹೋಗೋದಾದ್ರೂ ಹೆಂಗೆ ಮೇಷ್ಟ್ರೇ?" ಎಂದರು.

ಇದು ತರಗತಿಯ ಮಕ್ಕಳ ಅನುಮಾನವೇ. ಅದಕ್ಕೆ ಉತ್ತರ ಮುಖದಲ್ಲಿದೆ. ಗೋಳ ಪೂರ್ತಿ ಘನದೊಳಗೆ ಇಲ್ಲ. ಆರೂ ಕಿಂಡಿಗಳಿಂದ ಅದರ ಹೊಟ್ಟೆ ಹೊರಗೆ ಉಬ್ಬಿರುತ್ತದೆ. ಉಬ್ಬು ಎಷ್ಟೆಂದರೆ ತ್ರಿಜ್ಯದಲ್ಲಿ ಅರ್ಧ ಅಂಚನ್ನು ಕಳೆದಷ್ಟು, ಇಲ್ಲಿ 10ರಲ್ಲಿ 7.07 ಕಳೆದು 2.93 ಸೆಂ.ಮೀ. ಗೋಳವು ಮುಖವನ್ನು ಹಾದುಹೋಗುವ ಕಡೆ ಒಂದು ವೃತ್ತವಾಗುತ್ತದೆ. ಆ ವೃತ್ತ ಮುಖದ ನಾಲ್ಕು ಬದಿಗಳನ್ನೂ ಅವುಗಳ ಮಧ್ಯದಲ್ಲಿ ಮುಟ್ಟುತ್ತದೆ. ಅಂದರೆ ಚೌಕದೊಳಗೆ ಹಿಡಿಸುವ ಅತಿ ದೊಡ್ಡ ವೃತ್ತ ಅದು, ತ್ರಿಜ್ಯ 7.07. ಅದೇ ಚೌಕಟ್ಟಿಗೆ ತಗಡು ಹೊದಿಸಿದರೆ ಒಳಗೆ ಹಿಡಿಸುವ ಗೋಳದ ತ್ರಿಜ್ಯವೂ 7.07. ಚಿಕ್ಕ ಗೋಳದ ನಡುಪಟ್ಟಿ ಎಷ್ಟು ದೊಡ್ಡದೋ, ದೊಡ್ಡ ಗೋಳ ಮುಖದಲ್ಲಿ ಮೂಡಿಸುವ ವೃತ್ತವೂ ಅಷ್ಟೇ ದೊಡ್ಡದು. ಎರಡು ಗೋಳಗಳ ಸಂಬಂಧ ನನಗೆ ಅತಿ ಸ್ಪಷ್ಟವಾಗಿ ಕಾಣುವುದು ಈ ವೃತ್ತದಲ್ಲೇ.

ಇನ್ನು ಒಳಗೆ ಇಳಿಸುವ ಬಗೆ. ಮೇಲಿನ ಚೌಕ ಇಲ್ಲದಿದ್ದರೆ ಉಳಿಯುವುದು ನಿಂತ ನಾಲ್ಕು ಸರಳು ಮತ್ತು ಕೆಳಗಿನ ಚೌಕ. ಎದುರುಬದುರು ಸರಳುಗಳ ನಡುವಿನ ದೂರ ಚೌಕದ ಕರ್ಣ, ಅದು ಗ್ಲೋಬಿನ ವ್ಯಾಸದಷ್ಟೇ ಇದೆ. ಹಾಗಾಗಿ ಗ್ಲೋಬು ನಾಲ್ಕು ಸರಳುಗಳನ್ನು ಸವರಿಕೊಂಡು ಮೇಲಿನಿಂದ ಇಳಿಯುತ್ತದೆ. ಕೆಳಗಿನ ನಾಲ್ಕು ಅಂಚು ತಾಗಿದಾಗ ನಿಲ್ಲುತ್ತದೆ. ಆಗ ಅದರ ಕೇಂದ್ರ ಚೌಕಟ್ಟಿನ ಸರಿ ಅರ್ಧ ಎತ್ತರದಲ್ಲಿರುತ್ತದೆ. ಮೇಲಿನ ಚೌಕವನ್ನು ಬೆಸೆಯದೆ, ಬೋಲ್ಟು ಹಾಕಿ ಕೂರಿಸಬೇಕು. ಹನ್ನೆರಡು ಸರಳನ್ನೂ ಮೊದಲೇ ಬೆಸೆದುಬಿಟ್ಟರೆ ಗ್ಲೋಬು ಹೊರಗೇ ಉಳಿಯುತ್ತದೆ.

ಪುಸ್ತಕದ ಅಂಚಿಗೆ ದಪ್ಪವಿಲ್ಲ, ಸರಳಿಗೆ ಇದೆ. ನಮ್ಮದು 10 ಮಿ.ಮೀ. ಗುಂಡು ಸರಳು. ಚೌಕಟ್ಟಿನ ಅಳತೆಯನ್ನು ಸರಳಿನ ನಡುಗೆರೆಯಿಂದ ಹಿಡಿದು 14.14ಕ್ಕೆ ಬೆಸೆದರೆ, ಸರಳಿನ ಅರ್ಧ ದಪ್ಪ ಒಳಗೆ ಚಾಚಿಕೊಂಡು ಗೋಳಕ್ಕೆ 9.5 ತ್ರಿಜ್ಯದ ಜಾಗ ಮಾತ್ರ ಉಳಿಯುತ್ತದೆ. ಗ್ಲೋಬು ಇಳಿಯುವುದೇ ಇಲ್ಲ. ಗಾಜು ಕಬ್ಬಿಣಕ್ಕೆ ತಾಗದಂತೆ 2 ಮಿ.ಮೀ. ರಬ್ಬರ್ ತುಂಡುಗಳೂ ಬೇಕು. ಆದ್ದರಿಂದ ತ್ರಿಜ್ಯ 10, ರಬ್ಬರ್ 0.2, ಸರಳಿನ ಅರ್ಧ 0.5, ಒಟ್ಟು 10.7. ಅದರ 1.414 ಪಟ್ಟು 15.13. ಇದು ನಡುಗೆರೆಯಿಂದ ನಡುಗೆರೆಗೆ. ಅಂಗಡಿಯವರು ಟೇಪು ಹಿಡಿಯುವುದು ಹೊರಗಿನಿಂದ ಹೊರಗೆ, ಅದಕ್ಕೆ ಇನ್ನೊಂದು ಸೆಂ.ಮೀ. ಸೇರಿಸಿ 16.1 ಎಂದು ಬರೆದುಕೊಟ್ಟೆ. ರಬ್ಬರ್ ತುಂಡು ಎಲ್ಲಿ ಅಂಟಿಸಬೇಕೆಂದು ಅವರು ಕೇಳಿದಾಗ ನನ್ನ ಸೋದರಸೊಸೆ, "ಪ್ರತಿ ಸರಳಿನ ನಡುವೆ ಒಂದೊಂದು, ಒಟ್ಟು ಹನ್ನೆರಡು ಸಾಕು" ಎಂದಳು. ಗೋಳ ಮುಟ್ಟುವುದು ಅಲ್ಲಿ ಮಾತ್ರವಲ್ಲವೇ.

ಚೌಕಟ್ಟನ್ನು ಕಂಬದ ಮೇಲೆ ನೇರವಾಗಿ ಇಡುವಂತಿಲ್ಲ ಎಂಬುದೂ ಈ ಲೆಕ್ಕದಿಂದಲೇ ಬಂತು. ಕೆಳಗಿನ ಸರಳಿನ ಮಟ್ಟಕ್ಕಿಂತ ಗ್ಲೋಬು ಸುಮಾರು 2 ಸೆಂ.ಮೀ. ಕೆಳಗೆ ಇಳಿದಿರುತ್ತದೆ. ಹಾಗೇ ಇಟ್ಟರೆ ಚೌಕಟ್ಟಿನ ಭಾರವೆಲ್ಲ ಗಾಜಿನ ಮೇಲೆ. ಬಲ್ಬಿನ ಹೋಲ್ಡರಿಗೂ ಜಾಗ ಬೇಕಿತ್ತಾದ್ದರಿಂದ ನಾಲ್ಕು ಮೂಲೆಗೆ 10 ಸೆಂ.ಮೀ. ಕಾಲು ಕೊಡಿಸಿದೆವು.

ಮೊದಲ ಚೌಕಟ್ಟು ತಯಾರಾದಾಗ ಗ್ಲೋಬು ಅರ್ಧಕ್ಕೆ ಸಿಕ್ಕಿಕೊಂಡಿತು. ಎದುರುಬದುರಿನ ಎರಡು ಸರಳು ಬಿಗಿ, ಇನ್ನೆರಡು ಸಡಿಲ. ನಾಲ್ಕು ಬದಿಗಳ ಉದ್ದ ಸರಿಯಾಗಿಯೇ ಇತ್ತು, ಆದರೆ ಬೆಸುಗೆಯ ಬಿಸಿಗೆ ಚೌಕ ಓರೆಯಾಗಿತ್ತು. ಇದನ್ನು ಹಿಡಿಯುವುದು ಕರ್ಣದಲ್ಲಿ. ನಡುಗೆರೆಗಳ ನಡುವೆ ಎರಡು ಕರ್ಣವೂ 21.4 ಇರಬೇಕಾಗಿತ್ತು, ಒಂದು 21.0, ಇನ್ನೊಂದು 21.8 ಇತ್ತು. ಉದ್ದವಾದ ಕರ್ಣದ ಕಡೆಯಿಂದ ಕ್ಲಾಂಪು ಹಾಕಿ ಒತ್ತಿದ ಮೇಲೆ ಗ್ಲೋಬು ಸಲೀಸಾಗಿ ಇಳಿಯಿತು. ಮೇಲಿನ ಚೌಕ ಕೂರಿಸಿ, ಹನ್ನೆರಡು ರಬ್ಬರಿನ ಬಳಿಯೂ ಒಂದು ಹಾಳೆಯ ಚೂರು ತೂರಿಸಿ ನೋಡಿದೆವು. ಎಲ್ಲಿಯೂ ಅದು ಸಡಿಲವಾಗಿ ಜಾರಲಿಲ್ಲ.

ಮರಳಿ ಬರುವಾಗ ಸೋದರಸೊಸೆ, "ಮಾವ, ತ್ರಿಜ್ಯ ಒಂದೂವರೆ ಪಟ್ಟೂ ಆಗಲಿಲ್ಲ, ಆದ್ರೂ ಚೆಂಡು ಎಷ್ಟು ದೊಡ್ಡದಾಯ್ತಲ್ವಾ!" ಎಂದಳು. ತ್ರಿಜ್ಯ √2 ಪಟ್ಟು ಆದರೆ ಮೇಲ್ಮೈ ಅದರ ವರ್ಗ, ಅಂದರೆ ನಿಖರವಾಗಿ ಎರಡು ಪಟ್ಟು. ಬೆಳಕು ಚೆಲ್ಲುವ ಗಾಜು ದುಪ್ಪಟ್ಟಾದಂತೆ. ಘನಫಲ 2.83 ಪಟ್ಟು. 14.14ರ ಘನದ ಘನಫಲ ಸುಮಾರು 2828 ಘನ ಸೆಂ.ಮೀ., ಅದರ ಅಂಚುಗಳ ನಡುವೆ ಕೂತ ಗ್ಲೋಬಿನದು ಸುಮಾರು 4189. ಚೌಕಟ್ಟಿನ ಮೂಲೆಗಳು ಗೋಳದಿಂದ ಹೊರಗೇ ಇದ್ದರೂ, ಗೋಳ ಘನಕ್ಕಿಂತ ಸುಮಾರು ಒಂದೂವರೆ ಪಟ್ಟು ದೊಡ್ಡದು. ಒಂಬತ್ತನೇ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ, 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯ ಗೋಳದ ಘನಫಲಕ್ಕೆ ಎರಡು ಸೂತ್ರ ಕೊಟ್ಟಿದ್ದಾನೆ. ಸ್ಥೂಲ ಸೂತ್ರದಲ್ಲಿ ತ್ರಿಜ್ಯದ ಘನದ ನಾಲ್ಕೂವರೆ ಪಟ್ಟು, ಸೂಕ್ಷ್ಮ ಸೂತ್ರದಲ್ಲಿ ಅದರ ಹತ್ತರಲ್ಲಿ ಒಂಬತ್ತು ಪಾಲು. ನಮ್ಮ ಗ್ಲೋಬಿಗೆ 4500 ಮತ್ತು 4050 ಬರುತ್ತದೆ. ನಿಜ ಇವೆರಡರ ನಡುವಿದೆ. ಯಾವುದನ್ನು ಹಿಡಿದರೂ ಗೋಳವೇ ಘನಕ್ಕಿಂತ ದೊಡ್ಡದು.

ಕುಣಿಗಲ್ಲಿನಲ್ಲಿ ದೀಪ ನೋಡಿದ ಪಕ್ಕದ ಮನೆಯವರು ತಮಗೂ ಅಂಥದ್ದೇ ಬೇಕೆಂದರು. ಆದರೆ ಅವರ ಚೌಕಟ್ಟು ಸ್ವಲ್ಪ ನೀಳವಾಗಿ, ನೋಡಲು ಕಂದೀಲಿನಂತೆ ಇರಬೇಕಂತೆ. ಅಲ್ಲಿ ಈ ಲೆಕ್ಕ ಪೂರ್ತಿ ನಡೆಯುವುದಿಲ್ಲ. ತಳ ಅಷ್ಟೇ ಇಟ್ಟು ಎತ್ತರ ಹೆಚ್ಚಿಸಿದರೆ ಗ್ಲೋಬು ಕೆಳಗಿನ ನಾಲ್ಕು ಸರಳು, ನಿಂತ ನಾಲ್ಕು ಸರಳು, ಒಟ್ಟು ಎಂಟನ್ನು ಮುಟ್ಟುತ್ತದೆ. ಮೇಲಿನ ನಾಲ್ಕು ಅದರಿಂದ ದೂರವೇ ಉಳಿಯುತ್ತವೆ. ಎತ್ತರ ತಗ್ಗಿಸಿದರೆ ಮೇಲಿನ ಚೌಕ ಕೂರುವ ಮೊದಲೇ ಗಾಜಿಗೆ ತಾಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದಾಗ ಮಾತ್ರ ಹನ್ನೆರಡು ಅಂಚುಗಳು ಕೇಂದ್ರದಿಂದ ಸಮದೂರದಲ್ಲಿರುತ್ತವೆ. ಅವರಿಗೆ ಎಂಟು ಸರಳಿನ ಹಿಡಿತವೇ ಸಾಕು, ಮೇಲಿನ ಚೌಕಕ್ಕೆ ರಬ್ಬರಿನ ಖರ್ಚು ಉಳಿಯಿತು ಎಂದು ಹೇಳಿ, ಗುಬ್ಬಿಯ ಅಂಗಡಿಗೆ ಹೊಸ ಅಳತೆ ಬರೆದು ಕಳಿಸಿದೆ.